ಟೇಬಲ್ 4 ಜಿಬಿ, ಮೆಮೊರಿ 64 ಎಂಬಿ: ಡೇಟಾಬೇಸ್ ಸಾರ್ಟ್ ಮಾಡುವುದು ಹೇಗೆ?

ಬೆಂಗಳೂರಿನ ಸಿಟಿ ಬಸ್ಸುಗಳ ಟಿಕೆಟ್ ವಿವರ ತುಂಬಿರುವ ಒಂದು ಟೇಬಲ್ ಇದೆ ಅಂದುಕೊಳ್ಳಿ. ಒಂದು ಟಿಕೆಟ್‌ಗೆ ಒಂದು ಸಾಲು. ಅದರಲ್ಲಿ ರೂಟ್ ನಂಬರ್, ಟಿಕೆಟ್ ಕೊಟ್ಟ ಹೊತ್ತು, ಹತ್ತಿದ ಸ್ಟಾಪ್, ಇಳಿಯುವ ಸ್ಟಾಪ್, ಕೊಟ್ಟ ದುಡ್ಡು ಇಷ್ಟು ಇರುತ್ತದೆ. ಒಂದು ಸಾಲಿಗೆ 100 ಬೈಟ್ ಎಂದು ಹಿಡಿಯೋಣ. ಸಾಲುಗಳು 4 ಕೋಟಿ. ಒಟ್ಟು 4 ಜಿಬಿ ಆಯಿತು.

ಈಗ ಯಾರೋ ಒಬ್ಬರು ಕೇಳುತ್ತಾರೆ: "ರೂಟ್ ನಂಬರ್ ಪ್ರಕಾರ, ಅದರೊಳಗೆ ಹೊತ್ತಿನ ಪ್ರಕಾರ ಎಲ್ಲವನ್ನೂ ಜೋಡಿಸಿ ಕೊಡಿ." ಕ್ವೆರಿ ಬರೆಯುವುದು ಒಂದು ಸಾಲಿನ ಕೆಲಸ. ಆದರೆ ಅದನ್ನು ಓಡಿಸಿದ ಮೇಲೆ ಕೆಲವು ವಿಚಿತ್ರಗಳು ಕಾಣುತ್ತವೆ. ಟೇಬಲ್‌ಗೆ ಒಂದು ಸಾಲೂ ಸೇರಿಸಿಲ್ಲ, ಆದರೂ ಡಿಸ್ಕ್‌ನಲ್ಲಿ ಇನ್ನೊಂದು 4 ಜಿಬಿ ತುಂಬುತ್ತದೆ. ಕ್ವೆರಿ ಮುಗಿದ ತಕ್ಷಣ ಅದು ಮಾಯವಾಗುತ್ತದೆ. ಟೇಬಲ್ ಚಿಕ್ಕದಿದ್ದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿದ್ದ ಉತ್ತರಕ್ಕೆ ಈಗ ನಿಮಿಷಗಟ್ಟಲೆ ಕಾಯಬೇಕು. ಇಂಥ ಕ್ವೆರಿ ಬರೆಯುವವರೆಲ್ಲ ಕಂಪ್ಯೂಟರ್ ಸೈನ್ಸ್ ಓದಿದವರಲ್ಲ. ಲೆಕ್ಕಪತ್ರ ನೋಡುವವರು, ಸಮೀಕ್ಷೆ ಮಾಡುವ ವಿದ್ಯಾರ್ಥಿಗಳು, ನಗರದ ಸಾರಿಗೆ ಬಗ್ಗೆ ಬರೆಯುವ ಪತ್ರಕರ್ತರು ಕೂಡ ಬರೆಯುತ್ತಾರೆ. ಒಳಗೆ ಏನು ನಡೆಯುತ್ತಿದೆ ಎಂದು ಅವರಿಗೂ ತಿಳಿಯಬೇಕು. ಅದಕ್ಕೆ ಬೇಕಾದ ಲೆಕ್ಕ ಸುಲಭವಾಗಿಯೇ ಇದೆ.

## ತೊಂದರೆ ಇರುವುದು ಎಲ್ಲಿ?

ಕಂಪ್ಯೂಟರ್ ಯಾವ ಸಾಲನ್ನು ಹೋಲಿಸಿ ನೋಡಬೇಕಾದರೂ ಅದು ಮೆಮೊರಿಯಲ್ಲಿ ಇರಬೇಕು. ಟೇಬಲ್ ಇರುವುದು ಡಿಸ್ಕ್‌ನಲ್ಲಿ. ಡೇಟಾಬೇಸ್ ಒಂದೊಂದೇ ಸಾಲನ್ನು ಡಿಸ್ಕ್‌ನಿಂದ ತರುವುದಿಲ್ಲ, ಪೇಜ್ ಎಂಬ ಕಟ್ಟಿನಲ್ಲಿ ತರುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಒಂದು ಪೇಜ್ ಅಂದರೆ 8 ಕೆಬಿ. ನಮ್ಮ ಟಿಕೆಟ್ ಟೇಬಲ್‌ನಲ್ಲಿ ಇಂಥ ಸುಮಾರು 5 ಲಕ್ಷ ಪೇಜ್‌ಗಳಿವೆ.

ಸರ್ವರ್‌ನಲ್ಲಿ 16 ಜಿಬಿ ಮೆಮೊರಿ ಇದ್ದರೂ ಅಷ್ಟೂ ನಮ್ಮ ಒಂದು ಸಾರ್ಟ್‌ಗೆ ಸಿಗುವುದಿಲ್ಲ. ಅದೇ ಹೊತ್ತಿಗೆ ಬೇರೆಯವರ ಕ್ವೆರಿಗಳೂ ಓಡುತ್ತಿರುತ್ತವೆ. ಅದಕ್ಕೆ ಡೇಟಾಬೇಸ್ ಪ್ರತಿ ಸಾರ್ಟ್‌ಗೂ ಒಂದು ಮಿತಿ ಹಾಕಿರುತ್ತದೆ. ನಮಗೆ 64 ಎಂಬಿ ಸಿಕ್ಕಿದೆ ಎಂದು ಇಟ್ಟುಕೊಳ್ಳೋಣ.

ಡಿಸ್ಕ್‌ಗೆ ಒಂದು ಗುಣವಿದೆ. ತಿರುಗುವ ಹಾರ್ಡ್ ಡಿಸ್ಕ್ ಸಾಲಾಗಿ ಓದುತ್ತಾ ಹೋದರೆ ಸೆಕೆಂಡಿಗೆ 100 ಎಂಬಿ ಕೊಡುತ್ತದೆ ಎಂದು ಹಿಡಿಯೋಣ. ಹಾಗಾದರೆ 4 ಜಿಬಿ ಓದಲು 40 ಸೆಕೆಂಡ್ ಸಾಕು. ಆದರೆ ಒಂದು ಜಾಗ ಬಿಟ್ಟು ಇನ್ನೊಂದು ಜಾಗಕ್ಕೆ ಜಿಗಿಯಬೇಕಾದರೆ ಓದುವ ಮುಳ್ಳು ಅಲ್ಲಿಗೆ ಸರಿಯಬೇಕು, ತಟ್ಟೆ ತಿರುಗಿ ಬರಬೇಕು. ಒಂದು ಜಿಗಿತಕ್ಕೆ ಹೆಚ್ಚು ಕಡಿಮೆ 10 ಮಿಲಿಸೆಕೆಂಡ್. ಕೇಳಲು ಏನೂ ಅಲ್ಲ ಅನಿಸುತ್ತದೆ, ಅಲ್ವಾ? 4 ಕೋಟಿ ಸಾಲುಗಳಿಗೆ ತಲಾ ಒಂದೇ ಒಂದು ಜಿಗಿತ ಎಂದುಕೊಂಡರೂ 4 ಲಕ್ಷ ಸೆಕೆಂಡ್ ಆಗುತ್ತದೆ. ಅಂದರೆ ನಾಲ್ಕೂವರೆ ದಿನಕ್ಕಿಂತ ಜಾಸ್ತಿ.

"ರೂಟ್ ನಂಬರ್ ಮೇಲೆ ಇಂಡೆಕ್ಸ್ ಇದೆಯಲ್ಲ, ಅದನ್ನೇ ಹಿಡಿದು ಓದಿದರೆ ಆಗಲ್ವಾ?" ಎಂದು ಹಲವರು ಕೇಳುತ್ತಾರೆ. ಇಂಡೆಕ್ಸ್ ಅಂದರೆ ಯಾವ ರೂಟಿನ ಸಾಲು ಡಿಸ್ಕ್‌ನಲ್ಲಿ ಎಲ್ಲಿದೆ ಎಂದು ಹೇಳುವ ಪಟ್ಟಿ. ಟೇಬಲ್‌ನಲ್ಲಿ ಸಾಲುಗಳು ಟಿಕೆಟ್ ಕೊಟ್ಟ ಕ್ರಮದಲ್ಲಿ ಕೂತಿವೆ. ಒಂದೇ ರೂಟಿನ ಟಿಕೆಟ್‌ಗಳು ಡಿಸ್ಕ್ ತುಂಬಾ ಚದುರಿವೆ. ಇಂಡೆಕ್ಸ್ ಹಿಡಿದು ಹೋದರೆ ಆಗುವುದು ಇದೇ ಸಾಲಿಗೊಂದು ಜಿಗಿತ. ಅದಕ್ಕೇ ಇಂಡೆಕ್ಸ್ ಇದ್ದರೂ ಡೇಟಾಬೇಸ್ ಎಷ್ಟೋ ಸಲ ಅದನ್ನು ಪಕ್ಕಕ್ಕಿಟ್ಟು, ಇಡೀ ಟೇಬಲ್ ಓದಿ ತಾನೇ ಸಾರ್ಟ್ ಮಾಡುತ್ತದೆ. ಅದರ ತೀರ್ಮಾನ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ.

ಜಿಗಿಯದೆ, ಸಾಲಾಗಿ ಓದುತ್ತಾ ಸಾಲಾಗಿ ಬರೆಯುತ್ತಾ ಜೋಡಿಸುವ ವಿಧಾನಕ್ಕೆ ಎಕ್ಸ್‌ಟರ್ನಲ್ ಮರ್ಜ್ ಸಾರ್ಟ್ ಎನ್ನುತ್ತಾರೆ. ಡೇಟಾವನ್ನು ಮ್ಯಾಗ್ನೆಟಿಕ್ ಟೇಪ್‌ನಲ್ಲಿ ಇಡುತ್ತಿದ್ದ ಕಾಲದಿಂದ ಬಂದ ವಿಧಾನ ಇದು. ಟೇಪ್‌ನಲ್ಲಿ ಜಿಗಿಯುವುದು ಇನ್ನೂ ಕಷ್ಟವಾಗಿತ್ತು. ಪೋಸ್ಟ್‌ಗ್ರೆಸ್‌ನ ಕೋಡ್‌ನಲ್ಲಿ ಈ ಕೆಲಸಕ್ಕೆ ಬೇಕಾದ ತಾತ್ಕಾಲಿಕ ಜಾಗವನ್ನು ನೋಡಿಕೊಳ್ಳುವ ಫೈಲ್‌ನ ಹೆಸರು ಇವತ್ತಿಗೂ `logtape.c`.

## ಮೊದಲ ಸುತ್ತು: ತುಂಡು ತುಂಡಾಗಿ ಜೋಡಿಸುವುದು

ಮನೆಯಲ್ಲಿ ಮದುವೆ. ಸಾವಿರಾರು ಲಗ್ನಪತ್ರಿಕೆಗಳನ್ನು ಹೆಸರಿನ ಅಕ್ಷರ ಕ್ರಮದಲ್ಲಿ ಜೋಡಿಸಬೇಕು. ಇರುವುದು ಒಂದು ಪುಟ್ಟ ಟೀಪಾಯ್. ಅದರ ಮೇಲೆ ಹಿಡಿಸುವಷ್ಟನ್ನು ತೆಗೆದುಕೊಂಡು ಜೋಡಿಸುತ್ತೀರಿ, ರಬ್ಬರ್ ಬ್ಯಾಂಡ್ ಹಾಕಿ ಕೆಳಗಿಡುತ್ತೀರಿ. ಮತ್ತೊಂದು ಹಿಡಿ ತೆಗೆದುಕೊಳ್ಳುತ್ತೀರಿ. ಎಲ್ಲ ಮುಗಿದಾಗ ಒಳಗೊಳಗೇ ಸರಿಯಾಗಿ ಜೋಡಿಸಿದ ಹಲವು ಕಟ್ಟುಗಳು ನೆಲದ ಮೇಲೆ ಇರುತ್ತವೆ. ಟೀಪಾಯ್ ಎಂದರೆ ಮೆಮೊರಿ, ನೆಲ ಎಂದರೆ ಡಿಸ್ಕ್.

ಡೇಟಾಬೇಸ್ ಮಾಡುವುದೂ ಇದನ್ನೇ. ಟೇಬಲ್‌ನಿಂದ 64 ಎಂಬಿ ಓದುತ್ತದೆ, ಮೆಮೊರಿಯಲ್ಲೇ ಕ್ವಿಕ್‌ಸಾರ್ಟ್‌ನಂಥ ಸಾಮಾನ್ಯ ವಿಧಾನದಿಂದ ಜೋಡಿಸುತ್ತದೆ, ಜೋಡಿಸಿದ್ದನ್ನು ಒಂದು ತಾತ್ಕಾಲಿಕ ಫೈಲ್‌ಗೆ ಬರೆಯುತ್ತದೆ. ಹೀಗೆ ಬರೆದ ಒಂದೊಂದು ತುಂಡಿಗೆ ರನ್ ಎಂದು ಹೆಸರು. ಮುಂದಿನ 64 ಎಂಬಿ ಓದಿ ಇನ್ನೊಂದು ರನ್ ಮಾಡುತ್ತದೆ. 4,000 ಎಂಬಿಯನ್ನು 64 ರಿಂದ ಭಾಗಿಸಿದರೆ 62.5. ಅಂದರೆ 63 ರನ್‌ಗಳು, ಕೊನೆಯದು ಅರ್ಧ ತುಂಬಿದ್ದು.

ಡಿಸ್ಕ್‌ನಲ್ಲಿ ದಿಢೀರ್ ಎಂದು ಕಾಣಿಸಿಕೊಂಡ ಆ 4 ಜಿಬಿ ಈ ರನ್‌ಗಳೇ. ಟೇಬಲ್ ಓದಲು 40 ಸೆಕೆಂಡ್, ರನ್‌ಗಳನ್ನು ಬರೆಯಲು 40 ಸೆಕೆಂಡ್. ಓದುವುದೂ ಬರೆಯುವುದೂ ದೊಡ್ಡ ತುಂಡುಗಳಲ್ಲಿ ಆಗುವುದರಿಂದ ಜಿಗಿತದ ಖರ್ಚು ಇಲ್ಲಿ ಲೆಕ್ಕಕ್ಕಿಲ್ಲ.

ಈಗ ನಮ್ಮ ಕೈಯಲ್ಲಿರುವುದು ಪೂರ್ತಿ ಉತ್ತರವಲ್ಲ. 335ಇ ಬಸ್ಸಿನ ಟಿಕೆಟ್‌ಗಳು ಪ್ರತಿ ರನ್‌ನಲ್ಲೂ ಅಷ್ಟಷ್ಟು ಇರಬಹುದು.

## ಎರಡನೆಯ ಸುತ್ತು: ಒಂದುಗೂಡಿಸುವುದು

ಜೋಡಿಸಿದ ಹಲವು ರನ್‌ಗಳಿಂದ ಜೋಡಿಸಿದ ಒಂದೇ ಉದ್ದನೆಯ ಸಾಲು ಮಾಡುವುದಕ್ಕೆ ಮರ್ಜ್ ಎನ್ನುತ್ತಾರೆ. ಮೂರೇ ರನ್‌ಗಳು, ಒಂದೊಂದರಲ್ಲಿ ಮೂರೇ ಸಾಲು ಇವೆ ಎಂದುಕೊಂಡು ರೂಟ್ ನಂಬರ್ ಮಾತ್ರ ನೋಡೋಣ.

```
ರನ್ 1:  201  335  500
ರನ್ 2:  210  276  401
ರನ್ 3:  215  333  600
```

ಪ್ರತಿ ರನ್‌ನ ಮೊದಲ ಸಾಲನ್ನು ಮಾತ್ರ ನೋಡಿ: 201, 210, 215. ಚಿಕ್ಕದು 201, ಅದನ್ನು ಹೊರಗೆ ಕಳಿಸಿ. ರನ್ 1ರಲ್ಲಿ ಈಗ 335 ಮುಂದೆ ಬಂತು. ಮತ್ತೆ ನೋಡಿ: 335, 210, 215. ಈಗ 210 ಹೋಗುತ್ತದೆ. ಆಮೇಲೆ 335, 276, 215ರಲ್ಲಿ 215. ಆಮೇಲೆ 335, 276, 333ರಲ್ಲಿ 276. ಹೀಗೇ ಮುಂದುವರಿದರೆ 333, 335, 401, 500, 600 ಸಾಲಾಗಿ ಬರುತ್ತವೆ.

ಇದು ಯಾಕೆ ತಪ್ಪುವುದಿಲ್ಲ? ಪ್ರತಿ ರನ್ ಒಳಗೆ ಆಗಲೇ ಜೋಡಿಸಿದೆ. ಹಾಗಾಗಿ ಅದರಲ್ಲಿ ಉಳಿದಿರುವ ಅತಿ ಚಿಕ್ಕ ಸಾಲು ಯಾವಾಗಲೂ ಅದರ ಮುಂದಿನ ತುದಿಯಲ್ಲೇ ಇರುತ್ತದೆ. ಇಡೀ ಟೇಬಲ್‌ನಲ್ಲಿ ಉಳಿದಿರುವ ಅತಿ ಚಿಕ್ಕದು ಬೇಕಾದರೆ ಈ ತುದಿಗಳನ್ನು ಬಿಟ್ಟು ಬೇರೆಲ್ಲೂ ಹುಡುಕಬೇಕಿಲ್ಲ. 4 ಜಿಬಿ ಪೂರ್ತಿ ಮೆಮೊರಿಗೆ ಬರಬೇಕಾದ ಅಗತ್ಯ ಬೀಳದಿರುವುದು ಇದೇ ಕಾರಣಕ್ಕೆ. 63 ರನ್‌ಗಳಿದ್ದರೆ 63 ತುದಿಗಳು ಮೆಮೊರಿಯಲ್ಲಿ ಇದ್ದರೆ ಸಾಕು.

ಪ್ರತಿ ಸಲ 63 ತುದಿಗಳನ್ನೂ ಒಂದೊಂದಾಗಿ ಹೋಲಿಸುತ್ತಾ ಕೂರಬೇಕಿಲ್ಲ. ಟೂರ್ನಮೆಂಟಿನ ಪಟ್ಟಿಯ ಹಾಗೆ ಅವುಗಳನ್ನು ಮರದ ಆಕಾರದಲ್ಲಿ ಇಟ್ಟುಕೊಂಡರೆ, ಒಂದು ಸಾಲು ಹೊರಗೆ ಹೋದ ಮೇಲೆ ಸುಮಾರು ಆರು ಹೋಲಿಕೆಗಳಲ್ಲೇ ಮುಂದಿನ ಚಿಕ್ಕದು ಸಿಗುತ್ತದೆ. ಹಾಗಾಗಿ ಪ್ರೊಸೆಸರ್‌ಗೆ ಇಲ್ಲಿ ಅಂಥ ಭಾರವಿಲ್ಲ.

ಎಚ್ಚರ ಬೇಕಾದದ್ದು ಒಂದು ಕಡೆ. ಒಂದು ರನ್‌ನಿಂದ ತಂದು ಮೆಮೊರಿಯ ಬಫರ್ ಎಂಬ ಜಾಗದಲ್ಲಿ ಇಟ್ಟ ಸಾಲುಗಳು ಖಾಲಿಯಾದವು ಅನ್ನಿ. ಆಗ ಡಿಸ್ಕ್‌ನಿಂದ ಅದರ ಮುಂದಿನ ಭಾಗ ಬರುವ ತನಕ ಬೇರೆ ಯಾವ ಸಾಲನ್ನೂ ಹೊರಗೆ ಬಿಡುವಂತಿಲ್ಲ. ಬರಲಿರುವ ಸಾಲೇ ಎಲ್ಲಕ್ಕಿಂತ ಚಿಕ್ಕದಿರಬಹುದು. ಕಾಲೇಜಿನ ಲ್ಯಾಬ್‌ನಲ್ಲಿ ಈ ಪ್ರೋಗ್ರಾಂ ಬರೆಯುವವರು "ಬಫರ್ ಖಾಲಿಯಾಯಿತು" ಮತ್ತು "ರನ್ ಮುಗಿಯಿತು" ಎಂಬ ಎರಡನ್ನು ಒಂದೇ ಎಂದುಕೊಂಡರೆ, ಚಿಕ್ಕ ಡೇಟಾದಲ್ಲಿ ಉತ್ತರ ಸರಿ ಬರುತ್ತದೆ, ದೊಡ್ಡದರಲ್ಲಿ ಸಾಲುಗಳೇ ಕಾಣೆಯಾಗುತ್ತವೆ. ಹೊರಗೆ ಬಂದ ಸಾಲುಗಳ ಸಂಖ್ಯೆ 4 ಕೋಟಿಯೇ ಇದೆಯಾ ಎಂದು ಎಣಿಸಿದರೆ ಈ ತಪ್ಪು ಸಿಕ್ಕಿಬೀಳುತ್ತದೆ.

## 64 ಎಂಬಿಯನ್ನು ಹಂಚುವುದು ಹೇಗೆ?

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಬಹಳಷ್ಟು ಪಾಠಗಳು ಇಲ್ಲಿ ಬೇಗ ದಾಟಿಬಿಡುತ್ತವೆ.

ಮರ್ಜ್ ಮಾಡುವಾಗ ಪ್ರತಿ ರನ್‌ಗೂ ಮೆಮೊರಿಯಲ್ಲಿ ಒಂದು ಜಾಗ ಬೇಕು. ಡಿಸ್ಕ್‌ನಿಂದ ತಂದದ್ದನ್ನು ಇಡುವ ಈ ಜಾಗವೇ ಬಫರ್. ಹೊರಗೆ ಹೋಗುವ ಸಾಲುಗಳನ್ನು ಒಟ್ಟುಮಾಡಲು ಇನ್ನೊಂದು ಬಫರ್ ಬೇಕು. ಕಡಿಮೆ ಎಂದರೆ ಪ್ರತಿ ಬಫರ್‌ಗೆ ಒಂದು ಪೇಜ್, 8 ಕೆಬಿ. ಹಾಗಾದರೆ 63 ರನ್‌ಗಳಿಗೆ ಅರ್ಧ ಎಂಬಿಯಷ್ಟು ಸಾಕು. ಉಳಿದ 63 ಎಂಬಿಗೂ ಹೆಚ್ಚು ಸುಮ್ನೆ ಬಿದ್ದಿರುತ್ತದೆ.

ಆದರೆ ಒಂದೊಂದೇ ಪೇಜ್ ತಂದರೆ ಏನಾಗುತ್ತದೆ ನೋಡಿ. ರನ್ 1ರ ಪೇಜ್ ಮುಗಿಯಿತು, ಡಿಸ್ಕ್ ಅಲ್ಲಿಗೆ ಜಿಗಿದು 8 ಕೆಬಿ ತರುತ್ತದೆ. ಅಷ್ಟರಲ್ಲಿ ರನ್ 40ರದ್ದು ಮುಗಿಯಿತು, ಅಲ್ಲಿಗೆ ಜಿಗಿಯುತ್ತದೆ. ಒಟ್ಟು 5 ಲಕ್ಷ ಪೇಜ್, 5 ಲಕ್ಷ ಜಿಗಿತ, ತಲಾ 10 ಮಿಲಿಸೆಕೆಂಡ್. 5,000 ಸೆಕೆಂಡ್, ಅಂದರೆ ಸುಮಾರು 83 ನಿಮಿಷ. ಜಿಗಿತ ತಪ್ಪಿಸಲೆಂದೇ ಈ ವಿಧಾನ ಹಿಡಿದು ಮತ್ತೆ ಅದೇ ಹಳ್ಳಕ್ಕೆ ಬಿದ್ದ ಹಾಗಾಯಿತು.

ಈಗ 64 ಎಂಬಿ ಪೂರ್ತಿ ಹಂಚೋಣ. 63 ರನ್‌ಗಳಿಗೆ 63 ಬಫರ್, ಹೊರಗೆ ಹೋಗಲು ಒಂದು, ಒಟ್ಟು 64. ಒಂದೊಂದಕ್ಕೆ 1 ಎಂಬಿ ಬಂತು. ಪ್ರತಿ ಜಿಗಿತಕ್ಕೆ 1 ಎಂಬಿ ತರುತ್ತೇವೆ. 4,000 ಜಿಗಿತ, 40 ಸೆಕೆಂಡ್. ಓದುವುದಕ್ಕೆ ಇನ್ನೊಂದು 40 ಸೆಕೆಂಡ್. ಜೋಡಿಸಿದ ಸಾಲುಗಳು ನೇರವಾಗಿ ಕೇಳಿದವರಿಗೆ ಹೋಗುವುದಾದರೆ ಮತ್ತೆ ಡಿಸ್ಕ್‌ಗೆ ಬರೆಯುವುದೂ ಬೇಡ. ಮೊದಲ ಸುತ್ತಿನ 80 ಸೆಕೆಂಡ್ ಸೇರಿಸಿದರೂ ಡಿಸ್ಕ್ ಕೆಲಸ ಮೂರು ನಿಮಿಷದೊಳಗೆ ಮುಗಿಯುತ್ತದೆ. ವಿಧಾನ ಅದೇ, ಮೆಮೊರಿ ಅದೇ. ಹಂಚಿಕೆ ಮಾತ್ರ ಬೇರೆ.

ಎಸ್‌ಎಸ್‌ಡಿಯಲ್ಲಿ ಮುಳ್ಳೂ ಇಲ್ಲ, ತಟ್ಟೆಯೂ ಇಲ್ಲ. ಜಿಗಿತದ ದಂಡ ತುಂಬಾ ಕಡಿಮೆ. ಅಲ್ಲಿಯೂ ದೊಡ್ಡ ತುಂಡಿನಲ್ಲಿ ಓದುವುದೇ ಲಾಭ, ಆದರೆ ವ್ಯತ್ಯಾಸ ಇಷ್ಟು ಭಯಂಕರವಾಗಿರುವುದಿಲ್ಲ.

## ಮೆಮೊರಿ ಅರ್ಧವಾದರೆ?

64ರ ಬದಲು 32 ಎಂಬಿ ಸಿಕ್ಕಿತು ಅನ್ನಿ. ಕೆಲಸ ಸ್ವಲ್ಪ ನಿಧಾನ ಆಗಬಹುದು ಅಷ್ಟೇ ಎಂದು ಅನಿಸುತ್ತದೆ. ಲೆಕ್ಕ ಹಾಕಿ ನೋಡೋಣ.

ಈಗ ಒಂದೊಂದು ರನ್ 32 ಎಂಬಿ. ಹಾಗಾಗಿ ರನ್‌ಗಳು 63ರ ಬದಲು 125. ಇತ್ತ 1 ಎಂಬಿಯ ಬಫರ್‌ಗಳು 64ರ ಬದಲು 32. ಒಂದನ್ನು ಹೊರಗೆ ಹೋಗುವ ಸಾಲುಗಳಿಗೆ ಬಿಟ್ಟರೆ ಒಂದು ಸಲಕ್ಕೆ 31 ರನ್‌ಗಳನ್ನು ಮಾತ್ರ ಮರ್ಜ್ ಮಾಡಬಹುದು. 125 ರನ್‌ಗಳು ಒಂದೇ ಸಲಕ್ಕೆ ಹಿಡಿಸುವುದಿಲ್ಲ. ಮೊದಲು 31ರಂತೆ ಸೇರಿಸಿ ಐದು ದೊಡ್ಡ ರನ್ ಮಾಡಿ ಡಿಸ್ಕ್‌ಗೆ ಬರೆಯಬೇಕು, ಆಮೇಲೆ ಆ ಐದನ್ನು ಮರ್ಜ್ ಮಾಡಬೇಕು. 4 ಜಿಬಿಯನ್ನು ಇನ್ನೊಮ್ಮೆ ಬರೆದು ಇನ್ನೊಮ್ಮೆ ಓದಿದ ಹಾಗಾಯಿತು.

ಮೆಮೊರಿ ಎರಡು ಕಡೆಯಿಂದ ಕೆಲಸ ಮಾಡುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ಜಾಸ್ತಿ ಇದ್ದರೆ ರನ್‌ಗಳು ಉದ್ದವಾಗುತ್ತವೆ, ಒಟ್ಟಿಗೆ ಸೇರಿಸಬಲ್ಲ ರನ್‌ಗಳೂ ಹೆಚ್ಚುತ್ತವೆ. ಹಾಗಾಗಿ ಒಂದೇ ಮರ್ಜ್‌ನಲ್ಲಿ ಮುಗಿಯುವ ಟೇಬಲ್‌ನ ಗಾತ್ರ ಈ ಎರಡರ ಗುಣಲಬ್ಧ. 1 ಎಂಬಿ ಬಫರ್ ಇಟ್ಟುಕೊಂಡರೆ 64 ಎಂಬಿ ಮೆಮೊರಿಗೆ 64 × 63, ಸುಮಾರು 4 ಜಿಬಿ. 32 ಎಂಬಿಗೆ 32 × 31, ಸುಮಾರು 1 ಜಿಬಿ. 128 ಎಂಬಿಗೆ 128 × 127, ಸುಮಾರು 16 ಜಿಬಿ. ಮೆಮೊರಿ ಎರಡು ಪಟ್ಟಾದರೆ ಟೇಬಲ್ ನಾಲ್ಕು ಪಟ್ಟಾಗಬಹುದು.

ಅದಕ್ಕೇ ಸಾರ್ಟ್‌ನ ಸಮಯ ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ. ಟೇಬಲ್ ದಿನದಿನಕ್ಕೆ ಬೆಳೆಯುತ್ತಿದ್ದರೂ ಬಹಳ ದಿನ ಸಮಯ ನಿಧಾನವಾಗಿ ಹೆಚ್ಚುತ್ತದೆ. ಒಂದು ದಿನ ಗಡಿ ದಾಟಿದಾಗ ಒಂದು ಸುತ್ತು ಹೆಚ್ಚಾಗಿ ದಿಢೀರನೆ ಏರುತ್ತದೆ. ಡಿಸ್ಕ್ ಕೆಟ್ಟಿತೇನೋ ಎಂದು ಜನ ಗಾಬರಿಯಾಗುವುದು ಆಗಲೇ.

## ನಮ್ಮ ಕ್ವೆರಿಗೆ ಎಷ್ಟು ಸುತ್ತು ಆಯಿತು ಎಂದು ತಿಳಿಯುವುದು

ಪೋಸ್ಟ್‌ಗ್ರೆಸ್‌ನಲ್ಲಿ ಸಾರ್ಟ್‌ಗೆ ಸಿಗುವ ಮೆಮೊರಿಯನ್ನು `work_mem` ಎಂಬ ಸೆಟ್ಟಿಂಗ್ ತೀರ್ಮಾನಿಸುತ್ತದೆ. ಯಾರೂ ಬದಲಾಯಿಸದಿದ್ದರೆ ಅದು 4 ಎಂಬಿ. ಮರ್ಜ್ ಮಾಡುವಾಗ ಅದು ಪ್ರತಿ ರನ್‌ಗೆ ಸುಮಾರು 256 ಕೆಬಿ ಬಫರ್ ಲೆಕ್ಕ ಹಿಡಿಯುತ್ತದೆ. ಹಾಗಾಗಿ 4 ಎಂಬಿಯಲ್ಲಿ ಒಂದು ಸಲಕ್ಕೆ ಸುಮಾರು 15 ರನ್‌ಗಳನ್ನು ಮಾತ್ರ ಸೇರಿಸಬಹುದು.

ನಮ್ಮ 4 ಜಿಬಿ ಟೇಬಲ್‌ಗೆ 4 ಎಂಬಿಯ ಸಾವಿರ ರನ್‌ಗಳಾಗುತ್ತವೆ. 15ರಂತೆ ಸೇರಿಸಿದರೆ 67 ಉಳಿಯುತ್ತವೆ. ಮತ್ತೆ ಸೇರಿಸಿದರೆ 5. ಮೂರನೆಯ ಸಲಕ್ಕೆ ಮುಗಿಯುತ್ತದೆ. ಮೆಮೊರಿಯಲ್ಲಿ ಪ್ರತಿ ಸಾಲಿಗೂ ಸ್ವಲ್ಪ ಹೆಚ್ಚುವರಿ ಜಾಗ ಹೋಗುವುದರಿಂದ ನಿಜವಾದ ರನ್‌ಗಳು ಇನ್ನಷ್ಟು ಚಿಕ್ಕದಾಗಿರುತ್ತವೆ, ಸಂಖ್ಯೆಯಲ್ಲಿ ಜಾಸ್ತಿ ಇರುತ್ತವೆ. ಆದರೂ ಮರ್ಜ್ ಮೂರೇ ಸುತ್ತು. 64 ಎಂಬಿ ಕೊಟ್ಟರೆ ಇನ್ನೂರಕ್ಕೂ ಹೆಚ್ಚು ರನ್‌ಗಳನ್ನು ಒಟ್ಟಿಗೆ ಸೇರಿಸಬಹುದು, ಒಂದೇ ಸುತ್ತಿಗೆ ಕೆಲಸ ಮುಗಿಯುತ್ತದೆ.

ಇದನ್ನು ಕಣ್ಣಾರೆ ನೋಡಲು ಕ್ವೆರಿಯ ಮುಂದೆ ಹೀಗೆ ಸೇರಿಸಬೇಕು:

```sql
EXPLAIN (ANALYZE, BUFFERS)
SELECT * FROM tickets
ORDER BY route_no, issued_at;
```

ಬರುವ ಉತ್ತರದಲ್ಲಿ ಈ ಎರಡು ಸಾಲುಗಳನ್ನು ಹುಡುಕಿ. ಅಂಕಿಗಳನ್ನು ಇಲ್ಲಿ ಓದಲು ಸುಲಭವಾಗಲೆಂದು ದುಂಡಾಗಿ ಕೊಟ್ಟಿದ್ದೇನೆ.

```
Sort Method: external merge  Disk: 4000000kB
Buffers: ... temp read=1500000 written=1500000
```

`external merge` ಎಂದಿದ್ದರೆ ಸಾರ್ಟ್ ಡಿಸ್ಕ್‌ಗೆ ಇಳಿದಿದೆ. `quicksort  Memory:` ಎಂದಿದ್ದರೆ ಮೆಮೊರಿಯಲ್ಲೇ ಮುಗಿದಿದೆ. ಇಷ್ಟು ಬಹಳ ಜನ ನೋಡುತ್ತಾರೆ. ಆದರೆ `Disk:` ಪಕ್ಕದ ಅಂಕಿ ಸುತ್ತುಗಳ ಬಗ್ಗೆ ಏನೂ ಹೇಳುವುದಿಲ್ಲ. ಓದಿ ಮುಗಿಸಿದ ರನ್‌ನ ಜಾಗವನ್ನೇ ಪೋಸ್ಟ್‌ಗ್ರೆಸ್ ಹೊಸ ರನ್‌ಗೆ ಬಳಸಿಕೊಳ್ಳುತ್ತದೆ. ಹಾಗಾಗಿ ಒಂದು ಸುತ್ತಾದರೂ ಮೂರು ಸುತ್ತಾದರೂ ಅಲ್ಲಿ ಸುಮಾರು 4 ಜಿಬಿಯೇ ಕಾಣುತ್ತದೆ.

ಗುಟ್ಟು ಇರುವುದು `temp written` ಬಳಿ. ಅದು 8 ಕೆಬಿ ಪೇಜ್‌ಗಳ ಲೆಕ್ಕ. ನಮ್ಮ ಡೇಟಾ 5 ಲಕ್ಷ ಪೇಜ್. ಅಲ್ಲಿ 15 ಲಕ್ಷ ಇದ್ದರೆ ಇಡೀ ಡೇಟಾ ಮೂರು ಸಲ ತಾತ್ಕಾಲಿಕ ಫೈಲ್‌ಗೆ ಹೋಗಿದೆ: ಒಮ್ಮೆ ರನ್ ಮಾಡುವಾಗ, ಇನ್ನೆರಡು ಸಲ ಮಧ್ಯದ ಮರ್ಜ್‌ಗಳಲ್ಲಿ. 5 ಲಕ್ಷದ ಆಸುಪಾಸು ಇದ್ದರೆ ಒಂದೇ ಮರ್ಜ್‌ನಲ್ಲಿ ಮುಗಿದಿದೆ. ಇದಕ್ಕಿಂತ ಕಡಿಮೆ ಮಾಡಬೇಕಾದರೆ ಸಾರ್ಟ್ ಪೂರ್ತಿ ಮೆಮೊರಿಯಲ್ಲೇ ಹಿಡಿಸಬೇಕು. ಅದಕ್ಕೆ 4 ಜಿಬಿಗಿಂತ ಜಾಸ್ತಿ ಬೇಕು. 64 ಎಂಬಿಯಿಂದ 1 ಜಿಬಿಗೆ ಏರಿಸಿದರೆ ಬರೆಯುವ ಪೇಜ್‌ಗಳ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎಷ್ಟೋ ಜನ ಅಲ್ಲಿ ಸುಮ್ನೆ ಮೆಮೊರಿ ಸುರಿಯುತ್ತಾರೆ.

## ಏರಿಸುವ ಮುಂಚೆ

`work_mem` ಇಡೀ ಸರ್ವರ್‌ಗೆ ಒಂದು ಮಿತಿಯಲ್ಲ. ಪ್ರತಿ ಕ್ವೆರಿಯ ಪ್ರತಿ ಸಾರ್ಟ್‌ಗೂ ಬೇರೆ ಬೇರೆಯಾಗಿ ಸಿಗುವಂಥದ್ದು. ಸೆಟ್ಟಿಂಗ್ ಫೈಲ್‌ನಲ್ಲೇ 64 ಎಂಬಿ ಎಂದು ಬರೆದು, ಒಂದೇ ಹೊತ್ತಿಗೆ 200 ಜನ ಸಾರ್ಟ್ ಮಾಡಿದರೆ ಹನ್ನೆರಡೂವರೆ ಜಿಬಿಗೂ ಜಾಸ್ತಿ ಹೋಗುತ್ತದೆ. 16 ಜಿಬಿಯ ಸರ್ವರ್‌ಗೆ ಅದು ಅಪಾಯ. ದೊಡ್ಡ ಸಾರ್ಟ್ ಇರುವ ಕೆಲಸಕ್ಕೆ ಮಾತ್ರ ಏರಿಸುವುದು ಒಳ್ಳೆಯದು:

```sql
BEGIN;
SET LOCAL work_mem = '64MB';
SELECT * FROM tickets
ORDER BY route_no, issued_at;
COMMIT;
```

`SET LOCAL` ಹಾಕಿದರೆ `COMMIT` ಆದ ಕೂಡಲೇ ಹಳೆಯ ಮಿತಿ ವಾಪಸ್ ಬರುತ್ತದೆ.

ಡಿಸ್ಕ್‌ನಲ್ಲಿ ಜಾಗ ಇದೆಯಾ ಎಂದೂ ನೋಡಿಕೊಳ್ಳಬೇಕು. ತಾತ್ಕಾಲಿಕ ಫೈಲ್‌ಗಳು `pgsql_tmp` ಎಂಬ ಫೋಲ್ಡರ್‌ಗೆ ಹೋಗುತ್ತವೆ. ಸಾಮಾನ್ಯವಾಗಿ ಅದು ಟೇಬಲ್ ಇರುವ ಡಿಸ್ಕ್‌ನಲ್ಲೇ ಇರುತ್ತದೆ. 4 ಜಿಬಿ ಟೇಬಲ್ ಇರುವ ಡಿಸ್ಕ್‌ನಲ್ಲಿ 3 ಜಿಬಿ ಮಾತ್ರ ಖಾಲಿ ಇದ್ದರೆ ಕ್ವೆರಿ ಅರ್ಧದಲ್ಲಿ `No space left on device` ಎಂದು ನಿಲ್ಲುತ್ತದೆ. ನಿಂತ ಮೇಲೆ ತಾತ್ಕಾಲಿಕ ಫೈಲ್‌ಗಳು ಅಳಿಸಿಹೋಗುತ್ತವೆ. ಆಮೇಲೆ ಬಂದು ನೋಡಿದವರಿಗೆ 3 ಜಿಬಿ ಖಾಲಿಯೇ ಕಾಣುತ್ತದೆ, ಕಾರಣ ತಿಳಿಯುವುದಿಲ್ಲ. `log_temp_files = 0` ಎಂದು ಇಟ್ಟರೆ ಪ್ರತಿ ತಾತ್ಕಾಲಿಕ ಫೈಲ್‌ನ ಗಾತ್ರವೂ ಲಾಗ್‌ನಲ್ಲಿ ದಾಖಲಾಗುತ್ತದೆ.

ಇನ್ನೊಂದು ಮಾತು. ಕೇಳಿದವರಿಗೆ 4 ಕೋಟಿ ಸಾಲೂ ಬೇಕಾ ಎಂದು ಒಮ್ಮೆ ವಿಚಾರಿಸಿ. ಅತಿ ಹೆಚ್ಚು ದುಡ್ಡಿನ 20 ಟಿಕೆಟ್ ಸಾಕು ಎಂದಾದರೆ `ORDER BY`ಯಲ್ಲಿ ರೂಟ್ ಮತ್ತು ಹೊತ್ತಿನ ಬದಲು ದುಡ್ಡಿನ ಕಾಲಮ್ ಹೆಸರು ಬರೆದು, ಮುಂದೆ `DESC`, ಕೊನೆಗೆ `LIMIT 20` ಸೇರಿಸಿದರೆ ಮುಗಿಯಿತು. ಆಗ ಡೇಟಾಬೇಸ್ 20 ಸಾಲುಗಳನ್ನು ಮಾತ್ರ ಮೆಮೊರಿಯಲ್ಲಿ ಇಟ್ಟುಕೊಂಡು ಟೇಬಲ್ ಮೇಲೆ ಒಮ್ಮೆ ಹಾದುಹೋಗುತ್ತದೆ. ಅವುಗಳಲ್ಲಿ ಅತಿ ಚಿಕ್ಕದಕ್ಕಿಂತ ದೊಡ್ಡದು ಸಿಕ್ಕಾಗ ಆ ಚಿಕ್ಕದನ್ನು ಬಿಸಾಡುತ್ತದೆ. `EXPLAIN ANALYZE`ನಲ್ಲಿ `top-N heapsort` ಎಂದು ಕಾಣುತ್ತದೆ. ರನ್ ಇಲ್ಲ, ಮರ್ಜ್ ಇಲ್ಲ, ಅದಕ್ಕೆ 4 ಎಂಬಿಯೇ ಧಾರಾಳ.